ಗೋದಾಮು: ಈಗಲೇ ಹಿಗ್ಗಿಸಬೇಕೆ, ಕಾಯಬೇಕೆ?

ಶಹಾಪುರ, ಸುರಪುರ, ಯಾದಗಿರಿ ಕಡೆಯ ರೈತ ಬಾಂಧವರೇ, ನಿಮ್ಮ ಊರು ಕಾಲುವೆಯ ಕೊನೆಯಂಚಿನಲ್ಲಿದೆ ಎನ್ನೋಣ. ದುರಸ್ತಿಯ ನಂತರ ನೀರು ಮುಟ್ಟಿದರೆ ಬತ್ತದ ಚೀಲಗಳಿಂದ ಬಾಡಿಗೆ ಗೋದಾಮು ತುಂಬುತ್ತದೆ. ಅದು ಒಂದು ವರ್ಷದಲ್ಲಿ ತಿಳಿಯುತ್ತದೆ.

ಕಾಗದದ ಮೇಲೆ ‘ಈಗ’, ‘ಆಮೇಲೆ’ ಎಂದು ಎರಡು ಕೊಂಬೆ ಬರೆಯಿರಿ. ಪ್ರತಿಯೊಂದಕ್ಕೂ ‘ನೀರು ಬಂತು’, ‘ಬರಲಿಲ್ಲ’ ಎಂಬ ಕವಲು ಬಿಡಿಸಿರಿ. ನೀರು ಬರುವ ಸಂಭವ 10ರಲ್ಲಿ 6 ಇರಲಿ.

ಈಗ ಕಟ್ಟಿದರೆ 8 ಲಕ್ಷ ಲಾಭ, ಇಲ್ಲವೆ 4 ಲಕ್ಷ ನಷ್ಟ. 8ರಲ್ಲಿ ಆರು ದಶಾಂಶ 4.8, 4ರಲ್ಲಿ ನಾಲ್ಕು ದಶಾಂಶ 1.6, ಕಳೆದರೆ 3.2 ಲಕ್ಷ. ಕಾದರೆ ಬಾಡಿಗೆ ತಪ್ಪಿ, ಖರ್ಚು ಏರಿ, ಲಾಭ 4 ಲಕ್ಷಕ್ಕಿಳಿಯುತ್ತದೆ, ನಷ್ಟವಿಲ್ಲ. ಇದರ ಬೆಲೆ 2.4 ಲಕ್ಷ. ಈಗ ಕಟ್ಟುವುದೇ ಮೇಲು.

ಸಂಭವ 5ಕ್ಕಿಳಿದರೆ ಎರಡೂ ಸಮ. ಇನ್ನೂ ಇಳಿದರೆ ಕಾಯಿರಿ. 3.2 ಬರೀ ಸರಾಸರಿ. 4 ಲಕ್ಷದ ನಷ್ಟ ತಾಳಲಾರದವರಿಗೆ ಕಾಯುವುದೇ ಲೇಸು.