ಒಳಾಂಗಣ ಚಿತ್ರಗಳಲ್ಲಿ ಲಂಬರೇಖೆಯ ನಿಲುವು

ಉತ್ತರಹಳ್ಳಿಯಂತಹ ಬಡಾವಣೆಗಳಲ್ಲಿ ಮಾರಾಟಕ್ಕಿರುವ ಫ್ಲ್ಯಾಟುಗಳ ಚಿತ್ರಗಳಲ್ಲಿ ಎರಡು ದೋಷಗಳು ಮೇಲಿಂದ ಮೇಲೆ ಕಾಣುತ್ತವೆ. ಕೆಲವು ಚಿತ್ರಗಳಲ್ಲಿ ಬಾಗಿಲಿನ ಚೌಕಟ್ಟುಗಳು ವಾಲಿರುತ್ತವೆ. ಬೇರೆ ಕೆಲವದರಲ್ಲಿ ಗೋಡೆಯ ಅಂಚು ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತದೆ. ಇವೆರಡನ್ನೂ ವಿಶಾಲಕೋನ ಮಸೂರದ ದೋಷವೆಂದೇ ಹೇಳುವುದು ರೂಢಿ. ಆದರೆ ಇವುಗಳ ಕಾರಣ ಬೇರೆ, ಪರಿಹಾರವೂ ಬೇರೆ. ಚಿತ್ರದ ಮೇಲೆ ಅಳತೆಪಟ್ಟಿಯನ್ನಿಟ್ಟು ನೋಡಿದರೆ ಭೇದವು ತಿಳಿಯುತ್ತದೆ: ರೇಖೆಯು ನೇರವಾಗಿದ್ದು ವಾಲಿದ್ದರೆ ದೋಷವು ಕ್ಯಾಮೆರಾದ ನಿಲುವಿನದು; ರೇಖೆಯೇ ಬಾಗಿದ್ದರೆ ಮಸೂರದ್ದು.

ಮೊದಲನೆಯದನ್ನು ವಿಚಾರಿಸೋಣ. ಚಿತ್ರವು ಮೂಡುವ ಫಲಕವು ಗೋಡೆಗಳಂತೆಯೇ ಲಂಬವಾಗಿ ನಿಂತಿರುವವರೆಗೆ ಲಂಬರೇಖೆಗಳು ಚಿತ್ರದಲ್ಲಿಯೂ ಸಮಾಂತರವಾಗಿರುತ್ತವೆ. ಕ್ಯಾಮೆರಾವನ್ನು ಕೆಳಮುಖವಾಗಿ ಓರೆ ಮಾಡಿದೊಡನೆ ಅವು ಕೆಳಗಡೆಗೆ ಕೂಡಿಕೊಳ್ಳತೊಡಗುತ್ತವೆ. ಮೇಲ್ಮುಖ ಮಾಡಿದರೆ ಮೇಲಕ್ಕೆ. ಹೀಗಿದ್ದೂ ಜನರು ಓರೆ ಮಾಡುವುದೇಕೆ?

ಒಂದು ಮಲಗುವ ಕೋಣೆಯನ್ನು ಭಾವಿಸೋಣ. ಬಾಗಿಲಿನಿಂದ ಎದುರು ಗೋಡೆಗೆ 10 ಅಡಿ, ಛಾವಣಿಯ ಎತ್ತರವೂ 10 ಅಡಿ. ಫಲಕದ ಅಗಲ 36 ಮಿಲಿಮೀಟರು, ಎತ್ತರ 24. ಮಸೂರದ ಸಂಗಮದೂರ 24 ಮಿಲಿಮೀಟರು. ಆಗ ಕ್ಯಾಮೆರಾದ ಮಟ್ಟದಿಂದ ಮೇಲಕ್ಕೂ ಕೆಳಕ್ಕೂ, ದೂರದ ಅರ್ಧದಷ್ಟು ಕಾಣುತ್ತದೆ. ಎಂದರೆ ಎದುರು ಗೋಡೆಯಲ್ಲಿ 5 ಅಡಿ. ನಿಂತವನ ಕಣ್ಣಿನ ಮಟ್ಟವಾದ ಐದೂವರೆ ಅಡಿಯಲ್ಲಿ ಕ್ಯಾಮೆರಾವನ್ನು ಸಮಮಟ್ಟವಾಗಿ ಹಿಡಿದರೆ ಛಾವಣಿ ಕಾಣುತ್ತದೆ, ನೆಲವು ಕಾಣುವುದೇ ಇಲ್ಲ. ನೆಲವನ್ನು ತೋರಿಸಲೆಂದೇ ಓರೆ ಮಾಡುವುದು. ಅದರ ಬದಲು ಮುಕ್ಕಾಲಿಯನ್ನು 4 ಅಡಿಗೆ ಇಳಿಸಿ, ರಸಮಟ್ಟದಿಂದ ಸಮಮಾಡಿದರೆ, ಗೋಡೆಯ ಬುಡದಿಂದ ಈಚೆಗೆ 2 ಅಡಿ ನೆಲವು ಚಿತ್ರದೊಳಕ್ಕೆ ಬರುತ್ತದೆ. ಮೇಲೆ 9 ಅಡಿಯವರೆಗೂ ಗೋಡೆ ಉಳಿಯುತ್ತದೆ. ಲಂಬರೇಖೆಗಳು ಕೆಡುವುದಿಲ್ಲ.

ಎರಡನೆಯ ದೋಷಕ್ಕೆ ಈ ಉಪಾಯವು ನಾಟದು. ಮಸೂರವು ಚಿತ್ರದ ಅಂಚಿನ ಕಡೆಗೆ ಹೋದಂತೆ ಬಿಂಬವನ್ನು ಕಡಿಮೆ ಹಿಗ್ಗಿಸಿದರೆ ರೇಖೆಗಳು ಪೀಪಾಯಿಯಂತೆ ಉಬ್ಬುತ್ತವೆ. ನಡುವಿನಲ್ಲಿ ಹಾಯುವ ರೇಖೆಯು ನೇರವಾಗಿಯೇ ಇರುತ್ತದೆ. ಅಂಚಿನದು ಹೆಚ್ಚು ಬಾಗುತ್ತದೆ. ಮತ್ಸ್ಯನೇತ್ರ ಮಸೂರದಲ್ಲಿ ಈ ಬಾಗು ಉದ್ದೇಶಪೂರ್ವಕವಾದುದು. ಸಾಮಾನ್ಯ ವಿಶಾಲಕೋನ ಮಸೂರದ ಬಾಗನ್ನು ಆಯಾ ಮಸೂರದ ಅಳತೆಗಳನ್ನು ಅರಿತ ಗಣಕ ತಂತ್ರಾಂಶವು ತಿದ್ದಬಲ್ಲುದು. ತಿದ್ದುವಾಗ ಬಾಗನ್ನು ಮೊದಲು, ವಾಲುವಿಕೆಯನ್ನು ಆಮೇಲೆ ಸರಿಪಡಿಸಬೇಕು. ಬಾಗಿದ ರೇಖೆಯನ್ನು ಲಂಬಕ್ಕೆ ಹೊಂದಿಸುವುದು ಸಾಧ್ಯವಿಲ್ಲ. ತಿದ್ದುಪಡಿಯಲ್ಲಿ ಅಂಚುಗಳು ಕತ್ತರಿಸಿಹೋಗುವುದರಿಂದ ಚಿತ್ರ ತೆಗೆಯುವಾಗಲೇ ಸುತ್ತಲೂ ಸ್ವಲ್ಪ ಎಡೆಯನ್ನು ಬಿಟ್ಟಿರಬೇಕು.

ಇಷ್ಟಾದರೂ ಒಂದು ವಿಕಾರವು ಉಳಿಯುತ್ತದೆ. ರೇಖೆಗಳನ್ನು ನೇರವಾಗಿಡುವ ಬೆಲೆಯಾಗಿ ಅಂಚಿನ ವಸ್ತುಗಳು ಅಗಲವಾಗುತ್ತವೆ. 24 ಮಿಲಿಮೀಟರು ಮಸೂರದಲ್ಲಿ ಪಕ್ಕದಂಚಿನ ಚೆಂಡು ಎತ್ತರಕ್ಕಿಂತ ಒಂದೂಕಾಲು ಪಟ್ಟು, 16 ಮಿಲಿಮೀಟರಿನಲ್ಲಿ ಸುಮಾರು ಒಂದೂವರೆ ಪಟ್ಟು ಅಗಲವಾಗಿ ತೋರುತ್ತದೆ. ಇದನ್ನು ತಿದ್ದಹೊರಟರೆ ಗೋಡೆಗಳು ಮತ್ತೆ ಬಾಗುತ್ತವೆ. ಆದುದರಿಂದ ಅಂಚಿನಲ್ಲಿ ಮಂಚ, ಕುರ್ಚಿಗಳು ಬಾರದಂತೆ ನಿಲ್ಲುವ ಸ್ಥಳವನ್ನು ಆರಿಸುವುದೂ, ಕೋಣೆಗೆ ಸಾಕಾಗುವಷ್ಟೇ ವಿಶಾಲವಾದ ಮಸೂರವನ್ನು ಬಳಸುವುದೂ ಯುಕ್ತ. ಇಲ್ಲದಿದ್ದರೆ ಗೋಡೆಗಳು ನೆಟ್ಟಗೆ ನಿಂತರೂ, 10 ಅಡಿಯ ಕೋಣೆಯನ್ನು ಕೊಳ್ಳುವವನು ಅದನ್ನು ಹಜಾರವೆಂದು ಭ್ರಮಿಸಿಯಾನು.