ಬಿಟ್ಟು ಬಂದ ಕಂಪನಿಯ ಎರಡು ಕಾಗದ

ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಮೂರೂವರೆ ವರ್ಷ ದುಡಿದು ಬಿಟ್ಟಿದ್ದ ಹುಡುಗಿಯೊಬ್ಬಳು ಐದು ವರ್ಷದ ಮೇಲೆ ಒಂದು ಪ್ಲಾಸ್ಟಿಕ್ ಫೈಲು ಹಿಡಿದು ನಮ್ಮ ಮನೆಗೆ ಬಂದಳು. ನಾನು ಬಹುಕಾಲ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಇಂಥ ಕಾಗದ ಬರೆದು ಕೊಟ್ಟವನು ಎಂದು ಯಾರೋ ಅವಳಿಗೆ ಹೇಳಿದ್ದರು. ಕೆನಡಾಕ್ಕೆ ಕಾಯಂ ವಾಸದ ಅರ್ಜಿ ಹಾಕಲು ಹೊರಟಿದ್ದಾಳೆ. “ಅಂಕಲ್, ಈ ಸರ್ಟಿಫಿಕೇಟ್ ನಡೆಯಲ್ಲ ಅಂತಿದ್ದಾರೆ, ಲೆಟರ್‌ಹೆಡ್ ಇದೆ, ಸೀಲ್ ಇದೆ, ಇನ್ನೇನು ಬೇಕು?” ಎಂದು ಕೇಳಿದಳು.

ಕಾಗದದಲ್ಲಿ ಇದ್ದದ್ದು ಮೂರು ಸಾಲು. ಇವರು ಜುಲೈ 2016ರಿಂದ ಫೆಬ್ರವರಿ 2020ರವರೆಗೆ ನಮ್ಮಲ್ಲಿ ಎಂಜಿನಿಯರ್ ಆಗಿದ್ದರು, ಇವರ ನಡತೆ ಉತ್ತಮವಾಗಿತ್ತು, ಇವರ ಮುಂದಿನ ಬದುಕಿಗೆ ಶುಭ ಹಾರೈಸುತ್ತೇವೆ. ಕೆಳಗೆ ಗೀಚಿದಂಥ ಒಂದು ಸಹಿ. ಸಹಿ ಯಾರದ್ದು ಎಂದು ಎಲ್ಲೂ ಇಲ್ಲ. ಇಂಥ ಕಾಗದಗಳನ್ನು ನಾನೇ ನೂರಾರು ಕೊಟ್ಟಿದ್ದೇನೆ, ಆದ್ದರಿಂದ ಬೈಯುವ ಹಕ್ಕು ನನಗಿರಲಿಲ್ಲ.

ಈ ಕಾಗದ ಕೊಡುವಾಗ ನಾವು ಎದುರಿಗೆ ನಿಂತ ಮನುಷ್ಯನನ್ನು ನೋಡಿ ಬರೆಯುತ್ತೇವೆ. ಆದರೆ ಅದನ್ನು ಓದುವವನು ಬೇರೆ. ಹೊಸ ಕಂಪನಿ ನೇಮಿಸಿದ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಏಜೆನ್ಸಿಯವನು, ಆಯೋಗದ ಕಚೇರಿಯ ಪರಿಶೀಲಕ, ಒಟ್ಟಾವಾದಲ್ಲಿ ಕೂತ ವಲಸೆ ಅಧಿಕಾರಿ. ಅವರಿಗೆ ಪೀಣ್ಯ ಗೊತ್ತಿಲ್ಲ, ನಡತೆ ಬೇಕಿಲ್ಲ. ಇವಳು ಯಾವ ದಿನದಿಂದ ಯಾವ ದಿನದವರೆಗೆ ಯಾವ ಕೆಲಸ ಮಾಡಿದಳು, ಅದನ್ನು ಹೇಳುತ್ತಿರುವವರು ಯಾರು, ಕೇಳಬೇಕೆಂದರೆ ಯಾರನ್ನು ಕೇಳಬೇಕು, ಇಷ್ಟೇ ಬೇಕು.

ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಎರಡನ್ನೂ ಒಂದೇ ಹಾಳೆಯಲ್ಲಿ ಮುಗಿಸುವ ಕಂಪನಿಗಳಿವೆ. ತಪ್ಪೇನಲ್ಲ, ಆದರೆ ಎರಡರ ಕೆಲಸ ಬೇರೆ. ಮೊದಲನೆಯದು ಬಾಗಿಲು ಮುಚ್ಚಿದ್ದಕ್ಕೆ ಸಾಕ್ಷಿ: ಇಂಥ ದಿನ ಕೊಟ್ಟ ರಾಜೀನಾಮೆ ಒಪ್ಪಿದ್ದೇವೆ, ಇಂಥ ದಿನ ಕೆಲಸದ ವೇಳೆ ಮುಗಿದ ಮೇಲೆ ಬಿಡುಗಡೆ ಮಾಡಿದ್ದೇವೆ, ಕೊಡಬೇಕಾದ್ದು ತೆಗೆದುಕೊಳ್ಳಬೇಕಾದ್ದು ಬಾಕಿ ಇಲ್ಲ. ಎರಡನೆಯದು ಒಳಗೆ ಏನು ಮಾಡುತ್ತಿದ್ದಳು ಎನ್ನುವುದಕ್ಕೆ.

ಬಿಡುಗಡೆ ಪತ್ರದಲ್ಲಿ ಮುಖ್ಯವಾದದ್ದು ಕೊನೆಯ ದಿನ. ರಾಜೀನಾಮೆ ಕೊಟ್ಟ ದಿನ, ನೋಟಿಸ್ ಅವಧಿ ಮುಗಿಯುವ ದಿನ, ನಿಜವಾಗಿ ಕೊನೆಗೆ ಕೆಲಸ ಮಾಡಿದ ದಿನ, ಈ ಮೂರೂ ಬೇರೆಯಾಗಿರಬಹುದು. ಪತ್ರದಲ್ಲಿ ಕೊನೆಯದು ಸ್ಪಷ್ಟವಾಗಿ ಇರಬೇಕು. “ಲೆಕ್ಕಪತ್ರ ಚುಕ್ತಾ ಆಗುವ ಷರತ್ತಿಗೆ ಒಳಪಟ್ಟು ಬಿಡುಗಡೆ” ಎಂದು ಬರೆದು ಕೊಡುವ ಅಭ್ಯಾಸವೂ ಇದೆ. ಅದು ಬಿಡುಗಡೆಯಲ್ಲ, ಬಿಡುಗಡೆಯ ಭರವಸೆ. ಲೆಕ್ಕ ಮುಗಿದ ಮೇಲೆ ಷರತ್ತಿಲ್ಲದ ಪತ್ರವನ್ನು ಕೇಳಿ ಪಡೆಯಬೇಕು. ಹಣ ಕೈಗೆ ಬಂದ ಮೇಲೆ ಆ ಕಡೆ ತಲೆ ಹಾಕುವವರು ಕಡಿಮೆ.

ಈ ದಿನಾಂಕಕ್ಕೆ ಒಂದು ನೆರಳು ಇದೆ, ಪಿಎಫ್ ಖಾತೆಯಲ್ಲಿ. ಹುಡುಗಿಯ ಪತ್ರದಲ್ಲಿ ಬಿಡುಗಡೆ 28 ಫೆಬ್ರವರಿ 2020, ಶುಕ್ರವಾರ. ಮುಂದಿನ ಕಂಪನಿಗೆ ಸೇರಿದ್ದು ಮಾರ್ಚ್ 2, ಸೋಮವಾರ. ಸರಿಯಾಗೇ ಇದೆ. ಆದರೆ ಅವಳ ಯುಎಎನ್ ತೆರೆದು ಸೇವಾ ಇತಿಹಾಸ ನೋಡಿದರೆ ಹಳೆಯ ಕಂಪನಿಯವರು ಹೊರಹೋದ ದಿನವನ್ನು ಮಾರ್ಚ್ 31 ಎಂದು ತುಂಬಿದ್ದರು. ಬಹುಶಃ ಆರ್ಥಿಕ ವರ್ಷದ ಕೊನೆ ಎಂದು ಯಾರೋ ಹಾಗೇ ಒತ್ತಿರಬೇಕು. ಕಾಗದಗಳನ್ನು ಮಾತ್ರ ನಂಬದೆ ಯುಎಎನ್ ನೋಡುವ ಪರಿಶೀಲಕನಿಗೆ ಇವಳು ಮಾರ್ಚ್ ತಿಂಗಳು ಪೂರ್ತಿ ಎರಡು ಕಡೆ ಸಂಬಳ ತೆಗೆದುಕೊಂಡವಳಂತೆ ಕಾಣುತ್ತಾಳೆ.

ಕಂಪನಿ ದಿನಾಂಕವನ್ನು ತುಂಬದೇ ಬಿಟ್ಟಿದ್ದರೆ ಉಪಾಯ ಸುಲಭ. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ Manage ಎಂಬಲ್ಲಿ Mark Exit ಇದೆ. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಆಧಾರ್‌ಗೆ ಬರುವ ಒಟಿಪಿ ಹಾಕಿ ನೌಕರರೇ ತುಂಬಬಹುದು. ಕೊನೆಯ ವಂತಿಗೆ ಬಂದ ತಿಂಗಳೊಳಗಿನ ದಿನಾಂಕ ಹಾಕಬೇಕು, ಬಿಡುಗಡೆ ಪತ್ರದಲ್ಲಿ ಇರುವುದನ್ನೇ ಹಾಕಬೇಕು. ಕಂಪನಿ ತಪ್ಪು ತುಂಬಿದ್ದರೆ ಮಾತ್ರ ಜಂಟಿ ಘೋಷಣೆಯ ಅರ್ಜಿ, ಹಲವರಿಗೆ ಕಂಪನಿಯ ಒಪ್ಪಿಗೆಯೂ ಬೇಕು, ಕಾಯುವುದು. ಹಾಗಾಗಿ ಬಿಟ್ಟ ಮೂರನೇ ತಿಂಗಳು ಒಮ್ಮೆ ಸೇವಾ ಇತಿಹಾಸ ತೆರೆದು ನೋಡಿಬಿಡಿ. ಐದು ವರ್ಷದ ಮೇಲೆ ನೋಡಿದರೆ ನಮ್ಮ ಹುಡುಗಿಯ ಹಾಗೆ ಒಪ್ಪಿಗೆಗಾಗಿ ಹುಡುಕಾಡಬೇಕು.

ಇನ್ನು ಅನುಭವ ಪತ್ರ. ನಾನು ಕಂಡಂತೆ ಇದರಲ್ಲಿ ಅತ್ಯಂತ ಕಟ್ಟುನಿಟ್ಟಿನವರು ಕೆನಡಾದವರು, ಅವರಿಗೆ ಒಪ್ಪಿಗೆಯಾದ ಪತ್ರ ಬೇರೆಡೆಗೂ ಬಹುಪಾಲು ಸಾಕಾಗುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿಗೆ ಅವರು ಕೇಳುವುದು ಲೆಟರ್‌ಹೆಡ್ಡಿನ ಮೇಲಿನ ಪತ್ರ. ಅದರಲ್ಲಿ ಅರ್ಜಿದಾರರ ಹೆಸರು, ಕಂಪನಿಯ ವಿಳಾಸ, ಫೋನ್, ಇಮೇಲ್, ಮೇಲಧಿಕಾರಿ ಅಥವಾ ಸಿಬ್ಬಂದಿ ಅಧಿಕಾರಿಯ ಹೆಸರು, ಹುದ್ದೆ ಮತ್ತು ಸಹಿ ಇರಬೇಕು. ಆಮೇಲೆ ಅಲ್ಲಿದ್ದಾಗ ಹೊಂದಿದ್ದ ಪ್ರತಿಯೊಂದು ಹುದ್ದೆಗೂ ದಿನಾಂಕ, ಮಾಡಿದ ಕೆಲಸ, ವಾರದ ಗಂಟೆಗಳು, ವಾರ್ಷಿಕ ಸಂಬಳ ಮತ್ತು ಇತರ ಸೌಲಭ್ಯ.

ಪ್ರತಿಯೊಂದು ಹುದ್ದೆಗೂ ಎಂಬುದೇ ಎಲ್ಲರೂ ಎಡವುವ ಜಾಗ. ಇವಳು ಸೇರಿದ್ದು ಟ್ರೈನಿಯಾಗಿ, 11 ಜುಲೈ 2016ರಂದು. ಒಂದು ವರ್ಷ ಆದ ಮೇಲೆ ಕ್ವಾಲಿಟಿ ಎಂಜಿನಿಯರ್. ಕಾಗದ ಮಾತ್ರ ಇಡೀ ಅವಧಿಗೆ ‘ಎಂಜಿನಿಯರ್’ ಎನ್ನುತ್ತದೆ. ನೇಮಕಾತಿ ಪತ್ರವನ್ನು ಜೊತೆಗಿಟ್ಟರೆ ಅದರಲ್ಲಿ ಟ್ರೈನಿ ಎಂದಿರುತ್ತದೆ, ಓದುವವನಿಗೆ ಯಾವುದನ್ನು ನಂಬಬೇಕೋ ತಿಳಿಯದು. ನಮ್ಮಲ್ಲೂ ತರಬೇತಿ ಅವಧಿಯನ್ನು ಅನುಭವವೆಂದು ಎಣಿಸದ ನೇಮಕಾತಿಗಳಿವೆ. ಹಾಗಾಗಿ ಒಡೆದು ಬರೆದರೇ ಲಾಭ: 10 ಜುಲೈ 2017ರವರೆಗೆ ಟ್ರೈನಿ, ಮರುದಿನದಿಂದ 28 ಫೆಬ್ರವರಿ 2020ರವರೆಗೆ ಕ್ವಾಲಿಟಿ ಎಂಜಿನಿಯರ್. ಮೊದಲ ವರ್ಷವನ್ನು ಯಾರಾದರೂ ತಳ್ಳಿಹಾಕಿದರೂ ಎರಡು ವರ್ಷ ಏಳು ತಿಂಗಳು ಗಟ್ಟಿಯಾಗಿ ಉಳಿಯುತ್ತದೆ.

ವಾರದ ಗಂಟೆ ನಮ್ಮ ಪತ್ರಗಳಲ್ಲಿ ಎಂದೂ ಇರುವುದಿಲ್ಲ, ಏಕೆಂದರೆ ನಮಗೆ ಅದು ಹೇಳುವಂಥ ವಿಷಯವೇ ಅಲ್ಲ. ಕೆನಡಾದ ಲೆಕ್ಕದಲ್ಲಿ ವಾರಕ್ಕೆ 30 ಗಂಟೆ ಪೂರ್ಣಾವಧಿ, 1,560 ಗಂಟೆ ಒಂದು ವರ್ಷ. ಕಾರ್ಖಾನೆಯ ವಾರ 48 ಗಂಟೆ, ಅಗತ್ಯಕ್ಕಿಂತ ಹೆಚ್ಚೇ. ಆದರೆ ಬರೆಯದಿದ್ದರೆ ಅದು ಅರೆಕಾಲಿಕ ಕೆಲಸವಲ್ಲ ಎಂದು ಅವರು ಹೇಗೆ ತಿಳಿಯಬೇಕು? ಸಂಬಳವೂ ಹಾಗೆಯೇ. ಸಂಬಳದ ವಿಷಯ ಗುಟ್ಟು ಎಂದು ಕಂಪನಿಗಳು ಬಿಡುತ್ತವೆ. ಯುಪಿಎಸ್‌ಸಿ ನೇರ ನೇಮಕಾತಿಗಳಲ್ಲೂ ಕೇಳುವ ಪತ್ರದಲ್ಲಿ ದಿನ, ತಿಂಗಳು, ವರ್ಷ ಸಮೇತ ಅವಧಿ, ಮೂಲ ವೇತನ, ಒಟ್ಟು ವೇತನ, ಕೆಲಸದ ಸ್ವರೂಪ ಇರಬೇಕು. ಕೊಡಲೊಲ್ಲದ ಕಂಪನಿಯಿಂದ ಸಂಬಳಕ್ಕಷ್ಟೇ ಬೇರೆ ಪತ್ರ ಕೇಳಬಹುದು.

ಕೆಲಸದ ವಿವರ ಬರೆಯುವುದೇ ಕಷ್ಟ. “ಗುಣಮಟ್ಟ ನೋಡಿಕೊಳ್ಳುತ್ತಿದ್ದರು” ಎಂದರೆ ಏನೂ ಹೇಳಿದಂತಾಗಲಿಲ್ಲ. ವಲಸೆ ಅಧಿಕಾರಿ ತಮ್ಮ ದೇಶದ ವೃತ್ತಿಪಟ್ಟಿಯಲ್ಲಿ ಆ ವೃತ್ತಿಗೆ ಬರೆದಿರುವ ಕೆಲಸಗಳ ಪಕ್ಕದಲ್ಲಿ ಇದನ್ನಿಟ್ಟು ನೋಡುತ್ತಾರೆ, ಹುದ್ದೆಯ ಹೆಸರನ್ನಷ್ಟೇ ನೋಡುವುದಿಲ್ಲ. ಇದು ತಿಳಿದವರು ಆ ಪಟ್ಟಿಯ ವಾಕ್ಯಗಳನ್ನೇ ಅಕ್ಷರಶಃ ಇಳಿಸಿಬಿಡುತ್ತಾರೆ. ದಿನವೂ ಆ ಪಟ್ಟಿ ಓದುವವನಿಗೆ ಅದು ಮೊದಲ ಸಾಲಿಗೇ ಗೊತ್ತಾಗುತ್ತದೆ, ಅನುಮಾನವೂ ಹುಟ್ಟುತ್ತದೆ.

ನಾನು ಅವಳನ್ನು ಕೇಳಿದ್ದು ಒಂದೇ: ಬೆಳಿಗ್ಗೆ ಶಾಪ್‌ಗೆ ಹೋದ ಮೇಲೆ ಏನು ಮಾಡುತ್ತಿದ್ದೆ? ಶಿಫ್ಟ್ ಶುರುವಾದಾಗ ಪ್ರತಿ ಮೆಷಿನ್ನಿನ ಮೊದಲ ಪೀಸನ್ನು ಡ್ರಾಯಿಂಗಿಗೆ ಹೋಲಿಸಿ ಅಳೆಯುವುದು. ಹೊರಗಿನಿಂದ ಬಂದ ಕಾಸ್ಟಿಂಗುಗಳನ್ನು ಪರೀಕ್ಷಿಸಿ ಒಪ್ಪುವುದು ಅಥವಾ ತಿರಸ್ಕರಿಸುವುದು. ಗ್ರಾಹಕರಿಂದ ದೂರು ಬಂದರೆ ಕಾರಣ ಹುಡುಕಿ ವರದಿ ಬರೆಯುವುದು. ಅಳತೆ ಉಪಕರಣಗಳ ಕ್ಯಾಲಿಬ್ರೇಶನ್ ರಿಜಿಸ್ಟರ್ ಇಡುವುದು. ಇಬ್ಬರು ಇನ್ಸ್‌ಪೆಕ್ಟರುಗಳ ಕೆಲಸ ನೋಡಿಕೊಳ್ಳುವುದು. “ಇದನ್ನೆಲ್ಲ ಬರೀಬಹುದಾ?” ಎಂದಳು. ಇದನ್ನೇ ಬರೆಯಬೇಕು, ಟ್ರೈನಿಯಾಗಿದ್ದಾಗ ಮಾಡಿದ್ದನ್ನು ಬೇರೆ ಬರೆಯಬೇಕು.

ಹೆಸರಿನದ್ದು ನಮ್ಮವರ ಖಾಸಗಿ ತಾಪತ್ರಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಊರಿನ ಹೆಸರಾಗಿ, ಅಪ್ಪನ ಹೆಸರಾಗಿ ಬಿಚ್ಚಿಕೊಂಡಿರುತ್ತವೆ. ಮದುವೆಯಾದರೆ ಗಂಡನ ಹೆಸರೂ ಸೇರಬಹುದು. ಕಂಪನಿಯ ಕಡತದಲ್ಲಿ ಇರುವುದು ಅಂಕಪಟ್ಟಿಯ ಹೆಸರು. ಪತ್ರದಲ್ಲಿ ಪಾಸ್‌ಪೋರ್ಟಿನ ಹೆಸರು ಬರೆಸಿ, ‘ನಮ್ಮ ದಾಖಲೆಯಲ್ಲಿ ಹೀಗೆ’ ಎಂದು ಹಳೆಯದನ್ನೂ ಉದ್ಯೋಗಿ ಸಂಖ್ಯೆಯನ್ನೂ ಸೇರಿಸಿದರೆ ಮುಗಿಯಿತು.

ಇನ್ನೊಂದು ಮಾತು, ಕಾಂಟ್ರಾಕ್ಟ್ ಮೇಲೆ ದುಡಿಯುವವರಿಗೆ. ದೊಡ್ಡ ಕಂಪನಿಯ ಗೇಟಿನೊಳಗೆ ಕೆಲಸ, ಸಂಬಳ ಏಜೆನ್ಸಿಯದ್ದು. ಇಂಥವರು ದೊಡ್ಡ ಕಂಪನಿಯ ಮೇಲಧಿಕಾರಿಯನ್ನು ಹಿಡಿದು ಅವರ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆಸಿಕೊಳ್ಳುತ್ತಾರೆ. ಆದರೆ ಪಿಎಫ್, ಫಾರ್ಮ್ 16 ಎರಡರಲ್ಲೂ ಏಜೆನ್ಸಿಯ ಹೆಸರಿರುತ್ತದೆ. ಪತ್ರ ಏಜೆನ್ಸಿಯದ್ದೇ ಇರಲಿ, ಅದರೊಳಗೆ ‘ಇಂಥ ಕಂಪನಿಯ ಇಂಥ ಘಟಕಕ್ಕೆ ನಿಯೋಜಿಸಲಾಗಿತ್ತು’ ಎಂಬ ಸಾಲು ಇರಲಿ.

ಇದನ್ನೆಲ್ಲ ಪಡೆಯುವ ಸಮಯ ನೋಟಿಸ್ ಅವಧಿ. ಆಗ ಕಂಪನಿಗೂ ನಿಮ್ಮಿಂದ ಕೆಲಸ ಹಸ್ತಾಂತರ ಆಗಬೇಕಿರುತ್ತದೆ. ಕರಡು ನೀವೇ ಬರೆದು ಕೊಟ್ಟರೆ ಎಚ್‌ಆರ್‌ನವರು ತಿದ್ದಿ ಸಹಿ ಹಾಕುತ್ತಾರೆ, ಖಾಲಿ ಹಾಳೆ ಕೊಟ್ಟರೆ ಮೂರು ಸಾಲಿನ ಹಳೆಯ ನಮೂನೆಯೇ ಬರುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಕಂಪನಿ ಮುಚ್ಚಿದ್ದರೆ, ಇಲ್ಲವೇ ಕೊಡಲು ಒಪ್ಪದಿದ್ದರೆ, ಕೆನಡಾದವರು ವಿವರಣೆ ಕೇಳುತ್ತಾರೆ, ಜೊತೆಗೆ ಬೇರೆ ಸಾಕ್ಷ್ಯ: ನೇಮಕಾತಿ ಪತ್ರ, ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್. ಹಳೆಯ ಮೇಲಧಿಕಾರಿ ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆದುಕೊಟ್ಟರೆ ಅದನ್ನೂ ಸೇರಿಸಬಹುದು. ಇವೆಲ್ಲ ಸೇರಿ ದಿನಾಂಕ, ಸಂಬಳವನ್ನು ಚೆನ್ನಾಗಿ ತೋರಿಸುತ್ತವೆ, ಕೆಲಸದ ವಿವರವನ್ನು ಅಷ್ಟು ಚೆನ್ನಾಗಿ ತೋರಿಸುವುದಿಲ್ಲ. ಒಪ್ಪುವುದು ಬಿಡುವುದು ಅಧಿಕಾರಿಯ ವಿವೇಚನೆ. ಇಮೇಲ್ ಬರೆದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಎಂದಾದರೆ ಆ ಇಮೇಲನ್ನೇ ಉಳಿಸಿಕೊಳ್ಳಿ, ಕೇಳಿದ್ದಕ್ಕೆ ಅದೇ ದಾಖಲೆ.

ನಮ್ಮ ಹುಡುಗಿಯ ಶಾಪು ಮುಚ್ಚಿರಲಿಲ್ಲ, ಬೇರೆ ಕಡೆ ಹೋಗಿತ್ತು. ಹಳೆಯ ಪತ್ರದಲ್ಲಿದ್ದ ಲ್ಯಾಂಡ್‌ಲೈನ್ ಸತ್ತಿತ್ತು. ಪ್ರೊಡಕ್ಷನ್ ಮ್ಯಾನೇಜರ್ ಮಾತ್ರ ಇನ್ನೂ ಅಲ್ಲೇ ಇದ್ದರು. ಅವಳು ಕರಡು ಒಯ್ದಳು, ಎರಡು ವಾರ ಓಡಾಡಿದಳು. ಹೊಸ ಪತ್ರ ಎರಡು ಪುಟ ಬಂತು: ಎರಡು ಹುದ್ದೆ, ಎರಡು ಅವಧಿ, 48 ಗಂಟೆ, ಸಂಬಳ, ಮ್ಯಾನೇಜರರ ಹೆಸರು, ಕಂಪನಿಯ ಈಗಿನ ಇಮೇಲ್. ಹಾಕಿದ ತಾರೀಕು ಅಂದಿನದ್ದೇ, 2020ರದ್ದಲ್ಲ. ಹಿಂದಿನ ತಾರೀಕು ಹಾಕಿಕೊಡುತ್ತೇವೆ ಎಂದು ಅವರು ಹೇಳಿದ್ದರಂತೆ, ಇವಳೇ ಬೇಡ ಎಂದಳು. ಹೊಸ ಇಮೇಲ್ ವಿಳಾಸವಿರುವ ಕಾಗದಕ್ಕೆ ಹಳೆಯ ತಾರೀಕು ಹಾಕಿದರೆ ಅದು ಸುಳ್ಳು ದಾಖಲೆ, ನಿಜವಾದ ಅನುಭವವೂ ಅದರ ಜೊತೆ ಹೋಗುತ್ತದೆ. ಪಿಎಫ್ ದಿನಾಂಕದ ಜಂಟಿ ಘೋಷಣೆಗೂ ಅದೇ ಓಡಾಟದಲ್ಲಿ ಒಪ್ಪಿಗೆ ಸಿಕ್ಕಿತು.

ಎರಡನೇ ಪುಟದ ಕೊನೆಯಲ್ಲಿ ಕರಡಿನಲ್ಲಿ ಇಲ್ಲದ ಒಂದು ಸಾಲು ಸೇರಿತ್ತು. ಇವರ ನಡತೆ ಉತ್ತಮವಾಗಿತ್ತು. ಟೈಪ್ ಮಾಡಿದವರಿಗೆ ಕೈ ತಡೆಯಲಿಲ್ಲ ಎಂದು ಕಾಣುತ್ತದೆ. ಇರಲಿ ಬಿಡು ಅಂದೆ.