ಹದಿನೈದು ಮೀನು, ಒಂದು ತಿರುವು

ಮುಂಗಾರು ಹಿಡಿದು ಸೊರಬ, ಶಿಕಾರಿಪುರದ ಕೆರೆಗಳಿಗೆ ನೀರು ಬರತೊಡಗಿದಾಗ ಏರಿಯಂಚಿನ ಜೊಂಡಿನ ಸಂದಿಯಲ್ಲಿ ಕೆಂಪಗೆ ಏನೋ ಸುಳಿದಾಡುವುದು ಕಾಣುತ್ತದೆ. ಬಗ್ಗಿ ನೋಡಿದರೆ ಕೊರವ ಮೀನಿನ ಮರಿಗಳು. ನೂರಾರು ಮರಿಗಳು ಒತ್ತೊತ್ತಾಗಿ ತೇಲುತ್ತಿರುತ್ತವೆ, ನಮ್ಮ ನೆರಳು ಬಿದ್ದದ್ದೇ ತಡ ಒಟ್ಟಿಗೇ ಮಗ್ಗುಲು ಬದಲಿಸುತ್ತವೆ. ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವಲ್ಲ, ಅವು ಹೇಳಿದಂತೆ ಮರಿ ಕೇಳುತ್ತವೆ ಎಂದುಕೊಂಡರೆ ಲೆಕ್ಕ ಸುಲಭವಾಯಿತು. ಆದರೆ ಕಾವಲು ಕಾಯುವುದು ಬೇರೆ, ದಾರಿ ತೋರುವುದು ಬೇರೆ. ಅದೇ ಕೆರೆಯಲ್ಲಿ ಯಾರ ಕಾವಲೂ ಇಲ್ಲದ ಬೆರಳುದ್ದದ ಮೀನುಗಳ ಹಿಂಡುಗಳೂ ಇವೆ. ಅವೂ ಹಾಗೇ ತಿರುಗುತ್ತವೆ.

ಮುಂದೆ ಹೋಗುವ ಮೀನೇ ನಾಯಕ ಎನ್ನೋಣವೇ? ಹಿಂಡು ಬಲಕ್ಕೆ ತಿರುಗಿದ ಕೂಡಲೇ ಬಲಮಗ್ಗುಲಲ್ಲಿದ್ದವು ಮುಂದಾಗುತ್ತವೆ, ಮುಂದಿದ್ದವು ಎಡಬದಿಗೆ ಬೀಳುತ್ತವೆ. ಪೂರ್ತಿ ಹಿಂದಿರುಗಿದರಂತೂ ಬಾಲದಲ್ಲಿದ್ದವೇ ತಲೆ. ಪ್ರತಿ ತಿರುವಿಗೂ ಮುಂದಿರುವವರು ಬದಲಾಗುವ ಕಡೆ ಕಾಯಂ ನಾಯಕನಿಗೆ ಜಾಗವೆಲ್ಲಿ?

ಹಾಗಾದರೆ ಸುದ್ದಿ ಹೇಗೆ ಹರಡುತ್ತದೆ? ಹಕ್ಕಿಗಳ ಹಿಂಡನ್ನು ವರ್ಷಗಟ್ಟಲೆ ನೋಡಿದ ಎಡ್ಮಂಡ್ ಸೆಲಸ್ ಎಂಬ ಇಂಗ್ಲಿಷ್ ಪಕ್ಷಿವೀಕ್ಷಕ 1931ರಲ್ಲಿ ಬರೆದ ಪುಸ್ತಕದಲ್ಲಿ, ಅವು ಮನಸ್ಸಿನಿಂದ ಮನಸ್ಸಿಗೆ ವಿಚಾರ ದಾಟಿಸುತ್ತಿರಬೇಕು ಎಂಬಲ್ಲಿಗೆ ಬಂದು ನಿಂತ. ನಗುವುದು ಬೇಡ. ಬರಿಗಣ್ಣಿಗೆ ತಿರುವು ಅಷ್ಟು ಏಕಕಾಲದ್ದಾಗಿ ಕಾಣುತ್ತದೆ. ಅದು ಹಾಗಲ್ಲ ಎಂದು ತೋರಿಸಿದ್ದು ಸಿನಿಮಾ ಕ್ಯಾಮೆರಾ. ಸೋವಿಯತ್ ವಿಜ್ಞಾನಿ ರಡಕೋವ್ ಮೀನಿನ ಹಿಂಡಿನ ಒಂದು ಬದಿಯನ್ನು ಬೆದರಿಸಿ ಚಿತ್ರಿಸಿಕೊಂಡಾಗ, ತಿರುವು ಆ ಬದಿಯಿಂದ ಈ ಬದಿಗೆ ಅಲೆಯಾಗಿ ಸಾಗುವುದು ಕಂಡಿತು. ಆ ಅಲೆ ಮೀನು ಈಜುವ ವೇಗಕ್ಕಿಂತಲೂ ಜೋರಾಗಿ ಓಡುತ್ತಿತ್ತು. ಇದರಲ್ಲಿ ಪವಾಡವಿಲ್ಲ. ಸುದ್ದಿ ತಲುಪಿಸಲು ಯಾವ ಮೀನೂ ಹಿಂಡಿನ ಉದ್ದಕ್ಕೂ ಈಜಬೇಕಿಲ್ಲ, ಪಕ್ಕದ್ದು ಬಾಗಿದ್ದು ಕಂಡರೆ ತಾನಿದ್ದಲ್ಲೇ ಬಾಗಿದರೆ ಸಾಕು.

ಕಾಣುವುದು ಎಂದರೆ ಬರೀ ಕಣ್ಣಲ್ಲ. ಮೀನಿನ ಮೈಯ ಎರಡೂ ಬದಿಯಲ್ಲಿ ಕಿವಿರಿನಿಂದ ಬಾಲದವರೆಗೆ ಸಣ್ಣ ಗೆರೆಯೊಂದಿದೆ. ಅದು ಪಾರ್ಶ್ವರೇಖೆ, ಪಕ್ಕದ ನೀರು ಅಲುಗಿದ್ದನ್ನು ತಿಳಿಯುವ ಅಂಗ. 1976ರಲ್ಲಿ ಬ್ರಿಟನ್ನಿನ ಸಂಶೋಧಕರು ಸೇತ್ ಎಂಬ ಸಮುದ್ರ ಮೀನಿನ ಕಣ್ಣಿಗೆ ಮುಚ್ಚಳ ಹಾಕಿ ಬಿಟ್ಟರು. ಅದು ಸಂಗಡಿಗರ ಜೊತೆ ಹಿಂಡಿನಲ್ಲೇ ಸಾಗಿತು. ಮುಂದಿನ ಪ್ರಯೋಗಗಳಲ್ಲಿ ಕಣ್ಣು ಬಿಟ್ಟು ಪಾರ್ಶ್ವರೇಖೆಯ ನರ ಕತ್ತರಿಸಿದರೂ ಹಿಂಡು ಬಿಡಲಿಲ್ಲ. ಎರಡೂ ಹೋದಾಗ ಮಾತ್ರ ಮೀನು ಹಿಂಡು ತಪ್ಪಿತು. ಆದರೂ ದೂರದ ಸಂಗಡಿಗನನ್ನು ಹಿಡಿದಿಡುವುದು ಕಣ್ಣೇ. ಎಷ್ಟೋ ಜಾತಿಯ ಹಿಂಡುಗಳು ಕತ್ತಲಾದೊಡನೆ ಸಡಿಲಗೊಂಡು ಬೆಳಕಾದ ಮೇಲೆ ಮತ್ತೆ ಕೂಡುವುದು ಇದಕ್ಕೇ. ಬೇಸಿಗೆಯಲ್ಲಿ ನೀರಿಳಿದ ಮೇಲೆ ನಮ್ಮ ಕಡೆ ನಡೆಯುವ ಕೆರೆಬೇಟೆಯಲ್ಲಿ ಜನ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ನೀರಿಗಿಳಿಯುತ್ತಾರೆ. ಗಳಿಗೆಯೊಳಗೆ ಕೆರೆ ರಾಡಿ. ಆ ರಾಡಿಯಲ್ಲಿ ಪಕ್ಕದ ಮೀನು ಕಾಣುವುದಿಲ್ಲ. ನೀರೆಲ್ಲ ಕಾಲುಗಳ ಗದ್ದಲವೇ ಆದ್ದರಿಂದ ಪಾರ್ಶ್ವರೇಖೆಗೂ ಸುಳಿವು ಸಿಗದು. ಕೂಣಿಗೆ ಸಿಗುವುದು ಹಿಂಡಲ್ಲ, ಒಂಟಿ ಮೀನು.

ಪಕ್ಕದ್ದನ್ನು ನೋಡಿ ತಿರುಗುತ್ತವೆ, ಸರಿ. ಆದರೆ ಎಷ್ಟನ್ನು ನೋಡಿ? ಜಪಾನಿನ ಅಯೋಕಿ 1982ರಲ್ಲಿ ಕಂಪ್ಯೂಟರಿನೊಳಗೆ ಮೀನುಗಳನ್ನು ಬಿಟ್ಟು, ತೀರಾ ಹತ್ತಿರವಾದರೆ ಪಕ್ಕಕ್ಕೆ ಸರಿ, ದೂರವಾದರೆ ಸೇರಿಕೋ, ನಡುವೆ ಇದ್ದರೆ ಪಕ್ಕದವರ ದಿಕ್ಕು ಹಿಡಿ ಎಂಬಂಥ ನಿಯಮಗಳಷ್ಟೇ ಸಾಕು, ನಾಯಕ ಬೇಡ ಎಂದು ತೋರಿಸಿದರು. ಹಂಗೆರಿಯ ತಮಾಷ್ ವಿಚೆಕ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಇನ್ನೂ ಸರಳಗೊಳಿಸಿದರು: ಸುತ್ತಲಿನವರೆಲ್ಲರ ದಿಕ್ಕಿನ ಸರಾಸರಿ ತೆಗೆದುಕೋ, ಅದರಲ್ಲಿ ಸ್ವಲ್ಪ ತಪ್ಪು ಮಾಡು. ತಪ್ಪು ಕಡಿಮೆಯಾದಷ್ಟೂ ಶಿಸ್ತು ಹೆಚ್ಚು. ಮುಂದಿನ ಎರಡು ದಶಕ ಬಹುಮಟ್ಟಿಗೆ ಸರಾಸರಿಯ ಈ ಚಿತ್ರವೇ ನಡೆಯಿತು.

ಅದನ್ನು ಪ್ರಶ್ನಿಸಿದ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ್, ಜಿತೇಶ್ ಝಾವರ್ ಮತ್ತು ಸಂಗಡಿಗರು ಕೇರಳದವರು ಕರಿಮೀನ್ ಎನ್ನುವ ಹಿನ್ನೀರಿನ ಮೀನನ್ನು 15, 30, 60ರ ಗುಂಪುಗಳಲ್ಲಿ ತೊಟ್ಟಿಗೆ ಬಿಟ್ಟು ಮೇಲಿನಿಂದ ಚಿತ್ರಿಸಿದರು. ಪ್ರತಿ ಕ್ಷಣ ಪ್ರತಿ ಮೀನಿನ ಮುಖ ಎತ್ತ ಎಂದು ಗುರುತಿಸಿ, ಗುಂಪು ಎಷ್ಟು ಒಮ್ಮುಖವಾಗಿದೆ ಎಂಬ ಒಂದೇ ಅಂಕಿಗೆ ಇಳಿಸಿ, ಅದು ಹೊತ್ತು ಕಳೆದಂತೆ ಏರಿಳಿಯುವ ಬಗೆಯನ್ನು ಓದಿದರು. 2020ರಲ್ಲಿ ‘ನೇಚರ್ ಫಿಸಿಕ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಣ್ಣ ಗುಂಪೇ ಹೆಚ್ಚು ಒಮ್ಮುಖ. ಸರಾಸರಿ ತೆಗೆಯುವ ಮೀನುಗಳಿಂದ ಇಂಥ ಏರಿಳಿತ ಹೊರಡುವುದಿಲ್ಲ. ಹೊಂದುವುದು ಇನ್ನೂ ಸರಳವಾದ ನಿಯಮ: ಮೀನು ಒಮ್ಮೆಗೆ ಯಾವುದೋ ಒಂದನ್ನು ಮಾತ್ರ ಆರಿಸಿ ಅದರ ದಿಕ್ಕನ್ನು ನಕಲು ಮಾಡುತ್ತದೆ, ಆಗಾಗ ತನ್ನಿಷ್ಟಕ್ಕೆ ತಿರುಗುತ್ತದೆ.

ಇದರಿಂದ ಒಗ್ಗಟ್ಟು ಹೇಗೆ ಹುಟ್ಟುತ್ತದೆ ಎಂಬುದನ್ನು ಕಾಗದದ ಮೇಲೆ ನೋಡಬಹುದು. ಲೆಕ್ಕ ಹಗುರಾಗಲೆಂದು ದಿಕ್ಕು ಎರಡೇ ಎಂದುಕೊಳ್ಳೋಣ, ಎಡ ಮತ್ತು ಬಲ. 15 ಮೀನುಗಳಲ್ಲಿ 8 ಎಡಕ್ಕೆ, 7 ಬಲಕ್ಕೆ ಮುಖ ಮಾಡಿವೆ. ಯಾವುದೋ ಒಂದು ಇನ್ನೊಂದನ್ನು ನಕಲು ಮಾಡುತ್ತದೆ. 9-6 ಆಗಬಹುದು, 7-8 ಆಗಬಹುದು, ಎರಡಕ್ಕೂ ಸಮಾನ ಅವಕಾಶ. ಹೀಗೆ ತೂರಾಡುತ್ತಾ ಲೆಕ್ಕ ಎಂದೋ ಒಂದು ದಿನ 15-0 ಅಥವಾ 0-15 ಮುಟ್ಟುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ನಕಲು ಎಷ್ಟು ನಡೆದರೂ ಏನೂ ಬದಲಾಗದು, ಬೇರೆ ದಿಕ್ಕಿನ ಮೀನೇ ಇಲ್ಲವಲ್ಲ! ಗಲಿಬಿಲಿಯಲ್ಲಿದ್ದಾಗ ನಕಲುಗಳು ಗುಂಪನ್ನು ಅಲುಗಿಸುತ್ತಲೇ ಇರುತ್ತವೆ, ಒಮ್ಮುಖವಾದಾಗ ಅಲುಗಾಟವೇ ನಿಲ್ಲುತ್ತದೆ. ಹಾಗಾಗಿ ಗುಂಪು ಗಲಿಬಿಲಿಯಿಂದ ಬೇಗ ಹೊರಬೀಳುತ್ತದೆ, ಒಮ್ಮುಖದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಮೀನುಗಳು ಶಿಸ್ತನ್ನು ಹುಡುಕಿಕೊಂಡು ಹೋಗುತ್ತಿಲ್ಲ, ಅದರೊಳಗೆ ಸಿಕ್ಕಿಬೀಳುತ್ತಿವೆ.

ಈಗ ತಿರುವು. 15-0 ಇರುವಾಗ ಒಂದು ಮೀನು ಸುಮ್ಮನೆ ಬಲಕ್ಕೆ ಹೊರಳಿತು. ಅದು ಉಳಿದವರನ್ನು ಕಂಡು ಮರಳುವ ಸಾಧ್ಯತೆಯೂ, ಹದಿನಾಲ್ಕರಲ್ಲಿ ಒಂದು ಅದನ್ನೇ ಅನುಸರಿಸುವ ಸಾಧ್ಯತೆಯೂ ಸಮ. ಈ ನಡುವೆ ಇನ್ನಾವುದೂ ತಾನಾಗಿ ಹೊರಳದಿದ್ದರೆ, ಆ ಒಂಟಿ ಮೀನು ಇಡೀ ಗುಂಪನ್ನು ತನ್ನ ಕಡೆ ತಿರುಗಿಸುವ ಸಾಧ್ಯತೆ 15ರಲ್ಲಿ 1. ಅಂದರೆ ಹೊರಳಾಟ ಹದಿನೈದಾದರೆ ಹಿಂಡು ತಿರುಗುವುದು ಸರಾಸರಿ ಒಂದು ಸಲ. ಮಿಕ್ಕವು ಕಣ್ಣಿಗೆ ಬೀಳದೆ ಅಳಿಸಿಹೋಗುತ್ತವೆ. ನಾವು ನೋಡುವುದು ಗೆದ್ದದ್ದನ್ನು ಮಾತ್ರ, ಅದಕ್ಕೇ ಯಾರೋ ಅಪ್ಪಣೆ ಕೊಟ್ಟಂತೆ ತೋರುತ್ತದೆ. ಯಾವ ಮೀನಿಗೂ ಮಿಕ್ಕವಕ್ಕಿಂತ ಹೆಚ್ಚಿನ ಅವಕಾಶವಿಲ್ಲ. ಅರವತ್ತರ ಗುಂಪಿನಲ್ಲಿ ಅದು 60ರಲ್ಲಿ 1. ಗುಂಪು ದೊಡ್ಡದಾದಷ್ಟೂ ಒಂದು ನಕಲಿನ ಪೆಟ್ಟು ಹಗುರ. ಅಲ್ಲಲ್ಲಿ ತಾನಾಗಿ ಹೊರಳುವ ಮೀನುಗಳು ಒಮ್ಮುಖವನ್ನು ಮುರಿಯುತ್ತಲೇ ಇರುತ್ತವೆ, ಅದನ್ನು ಮತ್ತೆ ಕೂಡಿಸುವ ತೂರಾಟಕ್ಕೆ ಮೊದಲಿನ ಬಲವಿರುವುದಿಲ್ಲ. ದೊಡ್ಡ ಗುಂಪಿನಲ್ಲಿ ಶಿಸ್ತು ಕಡಿಮೆ ಕಂಡದ್ದು ಇದರಿಂದ.

ಆದರೆ ಇದು ತೊಟ್ಟಿಯಲ್ಲಿ ನೆಮ್ಮದಿಯಾಗಿರುವ ಒಂದು ಜಾತಿಯ ಮೀನಿನ ಕಥೆ. ಎಲ್ಲ ಜಾತಿಯೂ ಇದೇ ನಿಯಮ ಹಿಡಿಯಬೇಕೆಂದಿಲ್ಲ. ಮಿಂಚುಳ್ಳಿ ಮೇಲಿಂದ ಎರಗಿದಾಗ ನಡೆಯುವುದು ಬೇರೆ. ಮೀನಿನ ಮೆದುಳಿನ ಹಿಂಭಾಗದಲ್ಲಿ ಮೌತ್ನರ್ ಕೋಶ ಎಂಬ ಒಂದು ಜೊತೆ ದೊಡ್ಡ ನರಕೋಶಗಳಿವೆ. ಒಂದು ಬದಿಯದು ಮಿಡಿದರೆ ಎದುರುಬದಿಯ ಸ್ನಾಯುಗಳು ಸೆಳೆದು, ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲೇ ಮೈ ಬಾಗತೊಡಗುತ್ತದೆ. ಗೋಲ್ಡನ್ ಶೈನರ್ ಎಂಬ ಅಮೆರಿಕದ ಮೀನಿನಲ್ಲಿ ಇಂಥ ಬೆದರಿಕೆಯ ಅಲೆಗಳನ್ನು ಚಿತ್ರಿಸಿ, ಯಾವ ಮೀನಿಗೆ ಯಾವುದು ಕಾಣುತ್ತಿತ್ತೆಂದು ಲೆಕ್ಕ ಹಾಕಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಮೀನಿಗೆ ಮೀನಿಗೆ ವ್ಯತ್ಯಾಸವಿತ್ತು. ಹೆಚ್ಚು ಪ್ರಭಾವ ಬೀರಿದ್ದು ನೆರೆಯವರು ಕೆಲವೇ ಇದ್ದು, ಅವರೊಡನೆ ಗಟ್ಟಿ ಕೊಂಡಿಯಿದ್ದ ಮೀನು. ಉಳಿದವರ ಬೆದರಿಕೆಗೆ ಬೇಗ ಸಿಕ್ಕುತ್ತಿದ್ದದ್ದೂ ಅದೇ.